ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ಹೊರಡುವ ವಿಮಾನ: ಕೊನೆಗೆ ಬರುವವರಿಗೆ ಸೀಟು ಕಾದಿಡಬೇಕೇ?

ಪರ

ಶಿವಮೊಗ್ಗದಲ್ಲಿ ಟಿಕೆಟ್ ಬುಕಿಂಗ್ ಅಂಗಡಿ ಇಟ್ಟುಕೊಂಡಿರುವ ನನಗೆ ಗಿರಾಕಿಗಳು ಪದೇಪದೇ ಕೇಳುವ ಪ್ರಶ್ನೆ ಒಂದೇ: "ಸೀಟು ಖಾಲಿ ಇದೆಯಲ್ಲ, ಅಗ್ಗದ ದರದಲ್ಲಿ ಯಾಕೆ ಕೊಡುವುದಿಲ್ಲ?" ಉತ್ತರ 1972ರಷ್ಟು ಹಳೆಯದು. ಬ್ರಿಟನ್ನಿನ ಬಿಒಎಸಿ ವಿಮಾನ ಸಂಸ್ಥೆಯಲ್ಲಿದ್ದ ಕೆನ್ ಲಿಟಲ್‌ವುಡ್ ಕೊಟ್ಟ ಸೂತ್ರ ಅದು: ಕಾದಿಟ್ಟ ಸೀಟಿನಿಂದ ಸರಾಸರಿ ಹುಟ್ಟುವ ಹಣ ಅಗ್ಗದ ದರಕ್ಕಿಂತ ಕಡಿಮೆಯಾಗದವರೆಗೆ ಮಾತ್ರ ಕಾಯಬೇಕು.

ನಮ್ಮೂರಿನ ಲೆಕ್ಕದಲ್ಲೇ ನೋಡೋಣ. 78 ಸೀಟಿನ ಎಟಿಆರ್ ವಿಮಾನ, ಶುಕ್ರವಾರ ಸಂಜೆ ಬೆಂಗಳೂರಿಗೆ. ಮುಂಚೆ ಕೊಳ್ಳುವವರಿಗೆ 2,400 ರೂಪಾಯಿ, ಕೊನೆಯ ಮೂರು ದಿನಗಳಲ್ಲಿ ಬರುವವರಿಗೆ 6,000 ಎಂದಿಟ್ಟುಕೊಳ್ಳಿ. ಹಿಂದಿನ 50 ಶುಕ್ರವಾರಗಳ ಪೈಕಿ 46ರಲ್ಲಿ ಕೊನೆಗೆ ಕನಿಷ್ಠ 10 ಜನ ಬಂದಿದ್ದಾರೆ. ಹಾಗಾದರೆ ಹತ್ತನೆಯ ಸೀಟನ್ನು ಕಾದಿಟ್ಟರೆ ಸರಾಸರಿ 5,520 ರೂಪಾಯಿ ಹುಟ್ಟುತ್ತದೆ. ಅದನ್ನು ಇವತ್ತೇ 2,400ಕ್ಕೆ ಮಾರಿದರೆ ನಷ್ಟ. 23 ಅಥವಾ ಅದಕ್ಕಿಂತ ಹೆಚ್ಚು ಜನ ಬಂದದ್ದು 20 ಶುಕ್ರವಾರ ಮಾತ್ರ. 6,000ದಲ್ಲಿ ಐವತ್ತಕ್ಕೆ ಇಪ್ಪತ್ತು ಪಾಲು ಎಂದರೆ ಸರಿಯಾಗಿ 2,400. ಕಾಯುವುದಕ್ಕೂ ಮಾರುವುದಕ್ಕೂ ಅಲ್ಲಿ ಸಮಸಮ. ಇಪ್ಪತ್ತನಾಲ್ಕನೆಯ ಸೀಟಿಗೆ ಕಾಯುವುದು ದಂಡ. ಆದ್ದರಿಂದ ಕಾದಿಡಬೇಕಾದದ್ದು 23, ಅಗ್ಗದ ದರಕ್ಕೆ ಬಿಡಬೇಕಾದದ್ದು 55.

ಈ ಲೆಕ್ಕದಲ್ಲಿ ದುರಾಸೆ ಇಲ್ಲ. ಸೀಟನ್ನೆಲ್ಲ ಒಂದು ತಿಂಗಳ ಮೊದಲೇ ಮಾರಿಬಿಟ್ಟರೆ, ನಾಳೆ ಬೆಳಿಗ್ಗೆ ಬೆಂಗಳೂರಿನಲ್ಲಿ ಆಪರೇಷನ್ ಇರುವವರಿಗೆ ಯಾವ ಬೆಲೆಗೂ ಸೀಟು ಸಿಗುವುದಿಲ್ಲ. ಆ 23 ಜನ ಕೊಡುವ ಹಣದಿಂದಲೇ ಉಳಿದ 55 ಜನರಿಗೆ 2,400ರ ದರ ಉಳಿದುಕೊಂಡಿದೆ. ಸಣ್ಣ ಊರಿನ ಮಾರ್ಗದಲ್ಲಿ ಹಾರಾಟದ ಖರ್ಚು ಹುಟ್ಟದಿದ್ದರೆ ವಿಮಾನವೇ ನಿಂತುಹೋಗುತ್ತದೆ.

ವಿರೋಧ

ಗುಣಾಕಾರ ಸರಿಯಿದೆ. ಆದರೆ ಆ 50 ಶುಕ್ರವಾರಗಳ ಅಂಕಿಯನ್ನು ನಾನು ನಂಬಲಾರೆ.

ಕೊನೆಗೆ ಬರುವವರು ದುಬಾರಿ ಟಿಕೆಟನ್ನೇ ಕೊಳ್ಳುತ್ತಾರೆ, ಅಗ್ಗದ್ದು ಕಣ್ಣೆದುರಿಗಿದ್ದರೂ ಮುಟ್ಟುವುದಿಲ್ಲ ಎಂದು ಸೂತ್ರ ನಂಬಿಕೊಂಡಿದೆ. ಮಳೆಗಾಲದ ಒಂದು ಶುಕ್ರವಾರ ನೋಡಿ. 55 ಅಗ್ಗದ ಸೀಟುಗಳಲ್ಲಿ 40 ಮಾತ್ರ ಹೋಗಿವೆ, 15 ಇನ್ನೂ ತೆರೆದಿವೆ. ಕೊನೆಯ ಎರಡು ದಿನ 25 ಜನ ಬರುತ್ತಾರೆ. ಮೊದಲ 15 ಜನ 2,400 ಕೊಟ್ಟು ಕೂರುತ್ತಾರೆ, ಹತ್ತೇ ಜನ 6,000 ಕೊಡುತ್ತಾರೆ. ದಾಖಲೆಯಲ್ಲಿ ಉಳಿಯುವುದು "ದುಬಾರಿ ಟಿಕೆಟಿನ ಬೇಡಿಕೆ 10" ಎಂದು. ಮುಂದಿನ ಸಲ ಅದೇ ಅಂಕಿ ಹಿಡಿದು ಕಾದಿಡುವ ಸೀಟನ್ನು ಕಡಿಮೆ ಮಾಡುತ್ತಾರೆ, ಅಗ್ಗದ್ದು ಇನ್ನಷ್ಟು ತೆರೆದಿರುತ್ತದೆ, ದುಬಾರಿ ಕೊಳ್ಳುವವರು ಇನ್ನೂ ಕಡಿಮೆ ಕಾಣುತ್ತಾರೆ. ಲೆಕ್ಕ ತನ್ನ ಹಳ್ಳವನ್ನು ತಾನೇ ತೋಡಿಕೊಳ್ಳುತ್ತದೆ. ಇದನ್ನು ಕಂಡುಹಿಡಿಯುವುದು ಕಷ್ಟವಲ್ಲ: ಕೊನೆಯ ಮೂರು ದಿನಗಳ ಒಟ್ಟು ಬುಕಿಂಗ್ ಹಾಗೇ ಇದ್ದು, ಅದರಲ್ಲಿ ದುಬಾರಿಯವರ ಪಾಲು ತಿಂಗಳಿಂದ ತಿಂಗಳಿಗೆ ಇಳಿಯುತ್ತಿರುತ್ತದೆ. 1985ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಅಗ್ಗದ ಟಿಕೆಟ್ ಬಿಟ್ಟಾಗ ಇಷ್ಟು ದಿನ ಮುಂಚೆಯೇ ಕೊಳ್ಳಬೇಕು ಎಂಬ ಷರತ್ತಿನ ಬೇಲಿ ಹಾಕಿದ್ದು ಈ ಸೋರಿಕೆಯನ್ನು ತಡೆಯುವುದಕ್ಕೇ. ವಿಮಾನ ಭರ್ತಿಯಾದ ದಿನ ತಪ್ಪು ಇನ್ನೊಂದು ಕಡೆಯಿಂದ ಬರುತ್ತದೆ. ಆಗ ವಾಪಸು ಹೋದವರ ಹೆಸರು ಯಾರ ಪುಸ್ತಕದಲ್ಲೂ ಇರುವುದಿಲ್ಲ.

ನಮ್ಮ ಕಡೆ ಜನ ಒಬ್ಬೊಬ್ಬರಾಗಿ ಬರುವುದೂ ಇಲ್ಲ. ಕೋಟೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಐವತ್ತು ಶುಕ್ರವಾರ ಎಂದರೆ ಒಂದೇ ವರ್ಷ, ಜಾತ್ರೆ ಅದರೊಳಗೆ ಬರದೇ ಹೋಗಬಹುದು. ಒಂದು ಮನೆಯಲ್ಲಿ ಸಾವಾದರೆ ಆರು ಜನ ಒಟ್ಟಿಗೆ ಹೊರಡುತ್ತಾರೆ. ಸರಾಸರಿ ಇದನ್ನು ಹಿಡಿಯುವುದಿಲ್ಲ.

ನಮ್ಮ ದೊಡ್ಡಪ್ಪ ತೀರಿಕೊಂಡಾಗ ಬೆಂಗಳೂರಿನಿಂದ ತೀರ್ಥಹಳ್ಳಿಗೆ ಬರಬೇಕಿದ್ದ ನನ್ನ ತಂಗಿಗೆ ಸಿಕ್ಕಿದ ದರ, ವಾರದ ಮೊದಲು ನೋಡಿದ್ದಕ್ಕಿಂತ ಎರಡೂವರೆ ಪಟ್ಟು. "ಅಕ್ಕ, ನಾನು ರಾತ್ರಿ ಬಸ್ಸಲ್ಲೇ ಬರ್ತೀನಿ" ಅಂದಳು. ಬೆಳಿಗ್ಗೆ ಬಂದಿಳಿಯುವಷ್ಟರಲ್ಲಿ ದೇಹ ಮನೆಯಿಂದ ಹೋಗಿಯಾಗಿತ್ತು. ಕೊನೆಗೆ ಬರುವವರೆಂದರೆ ಕಂಪನಿ ಖರ್ಚಿನಲ್ಲಿ ಹಾರುವವರು ಎಂಬುದು ದೊಡ್ಡ ಊರುಗಳ ಅನುಭವ. ಇಲ್ಲಿ ಕೊನೆಗೆ ಬರುವವರಲ್ಲಿ ಎಷ್ಟೋ ಜನಕ್ಕೆ ಬೇರೆ ದಾರಿ ಇರುವುದಿಲ್ಲ. ಆ ಸೂತ್ರದಲ್ಲೇ ಇನ್ನೊಂದು ಮಾತಿದೆ: ಕೊನೆಯ ದರವನ್ನು ಏರಿಸಿದಷ್ಟೂ ಕಾದಿಡಬೇಕಾದ ಸೀಟು ಹೆಚ್ಚುತ್ತದೆ, ಮುಂಚೆ ಕೊಳ್ಳುವವರ ಪಾಲು ಕರಗುತ್ತದೆ.

ಅಗ್ಗದ ದರ ಏಳು ದಿನ ಮುಂಚೆ ಮುಚ್ಚುತ್ತದೆ ಎಂದು ಎಲ್ಲರಿಗೂ ಕಾಣುವಂತೆ ಬರೆದುಹಾಕಲಿ. ಅಲ್ಲಿಯವರೆಗೆ ಕೇಳಿದವರಿಗೆಲ್ಲ ಆ ದರದಲ್ಲೇ ಕೊಡಲಿ. ಆಮೇಲಿನ ದರ 3,500 ದಾಟದಿರಲಿ. ಕೆಲವು ದಿನ ವಿಮಾನ ಮುಂಚೆಯೇ ತುಂಬಿಹೋಗಿ ಕೊನೆಗೆ ಬಂದವರಿಗೆ ಸೀಟು ಸಿಗದಿರಬಹುದು, ಒಪ್ಪುತ್ತೇನೆ. ನನ್ನ ತಂಗಿಗೂ ಆ ದಿನ ಸೀಟು ಸಿಕ್ಕಿತ್ತು, ಅದನ್ನು ಕೊಳ್ಳುವ ಹಣ ಇರಲಿಲ್ಲ.