ನಿಲ್ಲದೆ ಕೇಳುವವರು

ರಾತ್ರಿ ಹತ್ತು ಗಂಟೆಗೆ ಗಂಜಿಯ ಮುಂದೆ ಕೂತಿದ್ದೆ. ಮಿಡಿ ಉಪ್ಪಿನಕಾಯಿಯ ಭರಣಿ ತೆರೆದದ್ದಷ್ಟೆ, ಅಮೆರಿಕದಿಂದ ಅಕ್ಕನ ಮಗನ ಫೋನ್. ಅವನಿಗೆ ಆಗ ಮಧ್ಯಾಹ್ನದ ಬಿಡುವು. ನನ್ನ ಗಂಜಿ ಆರುತ್ತದೆ ಎಂಬ ಚಿಂತೆ ಅವನಿಗೆ ಯಾಕೆ?

"ಮಾವ, ಇಲ್ಲಿಯವರಿಗೆ ತಲೆ ಸಮ ಇಲ್ಲ."

ಆದದ್ದು ಇಷ್ಟು. ಬೆಳಿಗ್ಗೆ ಆಫೀಸಿನ ಕಾರಿಡಾರಿನಲ್ಲಿ ಮ್ಯಾನೇಜರ್ ಎದುರಾಗಿ "ಹೌಸ್ ಇಟ್ ಗೋಯಿಂಗ್" ಅಂದ. ಇವನು ಇದ್ದದ್ದನ್ನು ಹೇಳಿದ. ರೂಮಿನ ಹೀಟರ್ ಕೆಟ್ಟಿದೆ, ಮೂರು ರಾತ್ರಿ ನಿದ್ರೆ ಇಲ್ಲ, ಅಷ್ಟೇನೂ ಚೆನ್ನಾಗಿಲ್ಲ. ದಾಟಿ ಹೋಗಿದ್ದ ಮ್ಯಾನೇಜರ್ ತಿರುಗಿ ಬಂದು ನಿಂತ. ಮುಖ ಗಂಭೀರ. ಎಲ್ಲ ಕೇಳಿಸಿಕೊಂಡ. ಊಟದ ಹೊತ್ತಿಗೆ ಇವನಿಗೊಂದು ಮೇಲ್ ಬಂತು: ಮನಸ್ಸಿಗೆ ಕಷ್ಟವಾಗಿದ್ದರೆ ಕಂಪನಿಯ ಖರ್ಚಿನಲ್ಲಿ ಮಾತಾಡಲು ಕೌನ್ಸೆಲರ್ ಇದ್ದಾರೆ, ನಂಬರ್ ಇದು.

"ನನಗೆ ಬೇಕಾದ್ದು ಹೀಟರ್ ರಿಪೇರಿಯವನ ನಂಬರ್," ಅಂದ ಅಳಿಯ.

ನಾನೂ ಆ ದೇಶದಲ್ಲಿ ಕೆಲಸ ಮಾಡಿ ಬಂದವನು. ಹಾಗಾಗಿ ಊರಿನಿಂದ ಯಾರು ಹೋದರೂ ಈ ಇಲಾಖೆ ನನ್ನದು. ಅವರಿಗೆಲ್ಲ ನಾನು ಹೇಳುವುದು ಒಂದೇ. ಪ್ರಶ್ನೆಗೆ ಕಿವಿ ಕೊಡಬೇಡ, ಕಾಲು ನೋಡು. ಕೇಳಿದವನ ಕಾಲು ನಡೆಯುತ್ತಲೇ ಇದ್ದರೆ ಉತ್ತರ ಎರಡು ಹೆಜ್ಜೆಯ ಒಳಗೆ ಮುಗಿಯಬೇಕು. "ಗುಡ್, ಯೂ?" ಸಾಕು. ಅದರಲ್ಲಿ ಮುಖ್ಯವಾದದ್ದು ಗುಡ್ ಅಲ್ಲ, ಆ "ಯೂ". ಅದನ್ನು ಬಿಟ್ಟರೆ ಇವನಿಗೆ ನನ್ನ ಮೇಲೆ ಏನೋ ಸಿಟ್ಟು ಅಂತ ತಿಳಿಯುತ್ತಾರೆ. ಕಾಫಿ ಯಂತ್ರದ ಹತ್ತಿರವಾದರೆ ಕಾಲು ನಿಂತಿರುತ್ತದೆ, ಲೋಟ ತುಂಬುವವರೆಗೆ ಸಮಯ ಉಂಟು. ಅಲ್ಲಿ ಸೋಮವಾರವಾದರೆ ಕಳೆದ ವಾರಾಂತ್ಯ, ಶುಕ್ರವಾರವಾದರೆ ಬರುವ ವಾರಾಂತ್ಯ, ಉಳಿದ ದಿನ ಹವೆ. ಒಂದೊಂದು ವಾಕ್ಯ, ಮತ್ತೆ ಅವರನ್ನೂ ಕೇಳುವುದು. ಹೀಟರ್, ನಿದ್ರೆ, ಕೆಲಸದ ತಾಪತ್ರಯ ಇವೆಲ್ಲ ಮ್ಯಾನೇಜರ್ ಬಾಗಿಲು ಹಾಕಿ ಕೂತು ಕೇಳಿದಾಗ. ಅಲ್ಲಿಯ ಆಫೀಸುಗಳಲ್ಲಿ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಇಬ್ಬರೇ ಕೂತು ಮಾತಾಡುವ ರೂಢಿ ಇರುತ್ತದೆ. ಅದೇ ಪ್ರಶ್ನೆ ಅಲ್ಲಿ ನಿಜದ ಪ್ರಶ್ನೆ.

ನಮ್ಮ ಶಾಲೆಗಳಲ್ಲಿ ಇದಕ್ಕೆ ಕಲಿಸಿದ್ದು ಏನು? "ಐ ಆಮ್ ಫೈನ್, ಥ್ಯಾಂಕ್ ಯೂ, ಹೌ ಆರ್ ಯೂ?" ಇಡೀ ಕ್ಲಾಸು ಒಟ್ಟಿಗೆ, ರಾಗವಾಗಿ. ಇದನ್ನು ಹೇಳಿ ಮುಗಿಸುವಾಗ ಕೇಳಿದವನು ಲಿಫ್ಟಿನೊಳಗೆ ಇರುತ್ತಾನೆ. ಈಗ ಕಾಸು ತೆಗೆದುಕೊಂಡು ಸಾಫ್ಟ್ ಸ್ಕಿಲ್ ಕಲಿಸುವವರಿದ್ದಾರೆ. ಅವರೂ ಕುರ್ಚಿಯಲ್ಲಿ ಕೂರಿಸಿಯೇ ಕಲಿಸುತ್ತಾರೆ. ನಡೆಸಿ ಕಲಿಸಬೇಕು ಅಂತ ಒಬ್ಬನಿಗೂ ಹೊಳೆಯುವುದಿಲ್ಲ.

"ಆದರೂ ಉತ್ತರ ಬೇಡದವನು ಕೇಳುವುದು ಯಾಕೆ? ನಮ್ಮಲ್ಲಿ ಹೀಗೆಲ್ಲ ಇಲ್ಲ ಅಲ್ವಾ?" ಅಂದ ಅಳಿಯ. ಈ ಮಾತಿಗೆ ನನಗೆ ಸಿಟ್ಟು ಬಂತು. ಅವನ ಮುತ್ತಜ್ಜನ, ಅಂದರೆ ನನ್ನ ಅಜ್ಜನ, ಕಥೆ ಗೊತ್ತಿಲ್ಲದವರು ಹೀಗೆ ಮಾತಾಡುತ್ತಾರೆ.

ಅಜ್ಜನಿಗೆ ಮಂಗಳೂರಿನಲ್ಲಿ ಜಾಗದ ಒಂದು ಕೇಸು ಇತ್ತು. ವಾಯಿದೆಯ ದಿನ ಬೆಳಿಗ್ಗೆಯೇ ಕೊಡೆ ಹಿಡಿದು, ಗದ್ದೆಯ ಹುಣಿಯ ಮೇಲೆ ನಡೆದು ಬಸ್ಸಿಗೆ ಹೋಗಬೇಕು. ಹೊರಟವರನ್ನು "ಎಲ್ಲಿಗೆ" ಅಂತ ಕೇಳಬಾರದು, ಹೋದ ಕೆಲಸ ಕೆಡುತ್ತದೆ. ಊರಿನವರಿಗೆ ಇದು ಗೊತ್ತು. "ದೂರ ಹೊರಟ ಹಾಗೆ ಉಂಟು?" ಅನ್ನುತ್ತಿದ್ದರು. "ಹೂಂ, ಇಲ್ಲೇ ಸ್ವಲ್ಪ" ಅನ್ನುತ್ತಿದ್ದರು ಅಜ್ಜ. ಇಬ್ಬರಿಗೂ ತೃಪ್ತಿ. ಯಾರಿಗೂ ಏನೂ ಗೊತ್ತಾಗಲಿಲ್ಲ.

ಆಗ ಘಟ್ಟದ ಮೇಲಿನಿಂದ ಒಬ್ಬರು ಮೇಷ್ಟ್ರು ವರ್ಗವಾಗಿ ಬಂದರು. ತುಂಬ ಒಳ್ಳೆಯವರು. ಅವರ ಬಾಡಿಗೆ ಮನೆ ನಮ್ಮ ತಡಮೆಯ ಎದುರೇ. "ಏನ್ ಯಜಮಾನ್ರೆ, ಎಲ್ಲಿಗೆ ಹೊರಟ್ರಿ?" ಅಜ್ಜ ಮಾತಿಲ್ಲದೆ ತಿರುಗಿ ಮನೆಗೆ ಬಂದರು. ಜಗಲಿಯಲ್ಲಿ ಕೂತರು. ಬೆಲ್ಲ ನೀರು ತರಿಸಿ ಕುಡಿದರು. ಒಂದು ವೀಳ್ಯ ಹಾಕಿಕೊಂಡರು. ದೋಷ ಕಳೆಯಿತು ಅಂತಾದ ಮೇಲೆ ಎದ್ದು ಹೊರಟರೆ ಮೇಷ್ಟ್ರು ಇನ್ನೂ ಅಲ್ಲೇ. "ಓ, ಈಗ ಎಲ್ಲಿಗೆ?"

ಅದರ ನಂತರ ಅಜ್ಜ ದಾರಿ ಬದಲಿಸಿದರು. ಹಿತ್ತಿಲಿನಿಂದ ಇಳಿದು, ಅಡಿಕೆ ತೋಟ ಹಾದು, ತೋಡಿನ ಸಂಕ ದಾಟಿ ಹೋಗುವುದು. ಸುತ್ತು ಜಾಸ್ತಿ, ಕೆಲಸ ಸುರಕ್ಷಿತ. ಆಷಾಢದ ಒಂದು ಬೆಳಿಗ್ಗೆ ತೋಡು ತುಂಬಿ ಹರಿಯುತ್ತಿದೆ, ಸಂಕವೆಂದರೆ ಎರಡು ಅಡಿಕೆ ಮರ. ಅಜ್ಜ ನಡುವಿಗೆ ಬಂದಾಗ ಆಚೆ ಕಡೆಯಿಂದ ಮೇಷ್ಟ್ರು ಸಂಕ ಹತ್ತಿದರು! ಶಾಲೆಗೆ ಅದು ಹತ್ತಿರದ ದಾರಿ ಅಂತ ಹಿಂದಿನ ದಿನವಷ್ಟೆ ಯಾರೋ ಹೇಳಿಕೊಟ್ಟಿದ್ದರಂತೆ. ಒಬ್ಬರೇ ಹೋಗಬಹುದಾದ ಸಂಕ. ಕೆಳಗೆ ಕೆಂಪು ನೀರು. ಮೇಷ್ಟ್ರು ಕೊಡೆಯೊಳಗಿನಿಂದ ನಕ್ಕು ಕೇಳಿದರು. ಏನು ಕೇಳಿದರು ಅಂತ ಹೇಳಬೇಕಾಗಿಲ್ಲ.

"ನಿಮ್ಮನ್ನೇ ಕಾಫಿಗೆ ಕರೆಯಲು ಹೊರಟೆ," ಅಂದರು ಅಜ್ಜ. ಕರೆದುಕೊಂಡೇ ಬಂದರು. ಅಜ್ಜಿ ಕೊಟ್ಟೆ ಕಡುಬು ಹಾಕಿದರು. ಮೇಷ್ಟ್ರಿಗೆ ಶಾಲೆ ತಡವಾಯಿತು, ಅಜ್ಜನಿಗೆ ಬಸ್ಸು ಹೋಯಿತು, ವಾಯಿದೆ ಮೂರು ತಿಂಗಳು ಮುಂದೆ ಬಿತ್ತು. ಕೇಸು ಕೊನೆಗೆ ಏನಾಯಿತು ಅಂದರೆ, ಅದು ಬೇರೆಯೇ ಕಥೆ, ಅದರಲ್ಲಿ ನನ್ನ ದೊಡ್ಡಪ್ಪನೂ ಬರುತ್ತಾರೆ.

ಅಳಿಯ ಫೋನಿನಲ್ಲಿ ಇದ್ದಾನೋ ಇಲ್ಲವೋ ಅಂತ ಅನುಮಾನ ಬಂತು. ಇದ್ದ. ಏನೋ ಅಗಿಯುತ್ತಿದ್ದ.

ಹಾರ್ವಿ ಸ್ಯಾಕ್ಸ್ ಅಂತ ಕ್ಯಾಲಿಫೋರ್ನಿಯಾದಲ್ಲಿ ಪಾಠ ಮಾಡುತ್ತಿದ್ದ ಸಮಾಜಶಾಸ್ತ್ರಜ್ಞರೊಬ್ಬರು 1975ರಲ್ಲಿ ಈ ಹೇಗಿದ್ದೀರಿ ಅನ್ನುವ ಪ್ರಶ್ನೆಯನ್ನೇ ಹಿಡಿದು ಒಂದು ಲೇಖನ ಬರೆದಿದ್ದರು. ಚೆನ್ನಾಗಿದ್ದೇನೆ ಅಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಚೆನ್ನಾಗಿಲ್ಲ ಅಂದರೆ ಕೇಳಿದವನು ಯಾಕೆ ಅಂತ ಕೇಳಲೇಬೇಕಾಗುತ್ತದೆ, ಇವನು ಹೇಳಲೇಬೇಕಾಗುತ್ತದೆ. ಆದರೆ ಎಲ್ಲ ಕಷ್ಟವನ್ನೂ ಎಲ್ಲರಿಗೂ ಹೇಳಲಾಗುವುದಿಲ್ಲ. ಅದಕ್ಕೇ ಜನ ಸುಳ್ಳು ಹೇಳಬೇಕಾಗುತ್ತದೆ ಅಂತ ಅವರ ವಾದ. ಇದು ನಮ್ಮ ಅಕ್ಕನಿಗೂ ಗೊತ್ತು. ಮಗನ ಹೀಟರ್ ಕೆಟ್ಟದ್ದು ತನಗಿಂತ ಮೊದಲು ಅವನ ಮ್ಯಾನೇಜರಿಗೆ ತಿಳಿಯಿತು ಅಂತ ಈಗ ಅವಳಿಗೆ ಬೇಸರ. ನನಗೆ ತಿಳಿದದ್ದು ಮೂರನೆಯದಾಗಿ. ನಾನು ಬೇಸರ ಮಾಡಿಕೊಂಡಿಲ್ಲ, ಸುಮ್ನೆ ಹೇಳಿದೆ.

"ಸರಿ ಮಾವ, ಗುಡ್ ಯೂ ಅಂತ ಹೇಳುತ್ತೇನೆ. ಅದೇ ಜನ ಹನ್ನೊಂದು ಗಂಟೆಗೆ ಮತ್ತೆ ಎದುರಾದರೆ?"

ಎರಡನೆಯ ಸಲಕ್ಕೆ ಪ್ರಶ್ನೆ ಇಲ್ಲ. ಹುಬ್ಬು ಎತ್ತುವುದು, ಇಲ್ಲವಾದರೆ "ಹೇ" ಅನ್ನುವುದು.

"ಮೂರನೆಯ ಸಲ?"

ಅದಕ್ಕೆ ಆ ದೇಶದಲ್ಲಿ ಯಾರ ಹತ್ತಿರವೂ ಉತ್ತರ ಇದ್ದ ಹಾಗೆ ಕಾಣಲಿಲ್ಲ. ಎಲ್ಲರೂ ತುಟಿ ಒಳಗೆ ಎಳೆದುಕೊಂಡು ಒಂದು ತರಹ ನಗುತ್ತಾರೆ. ಈಗಿನವರಿಗೆ ಮೊಬೈಲ್ ಉಂಟು, ತಲೆ ತಗ್ಗಿಸಿ ದಾಟಬಹುದು. ನಮಗೆ ಆಗ ಅದೂ ಇರಲಿಲ್ಲ. ನಾನು ಗೋಡೆಯ ಕಡೆ ತಿರುಗಿ ಬೆಂಕಿ ಆರಿಸುವ ಸಿಲಿಂಡರಿನ ಚೀಟಿ ಓದುತ್ತಾ ನಿಲ್ಲುತ್ತಿದ್ದೆ. ಅದನ್ನು ಕೊನೆಯ ಸಲ ತಪಾಸಣೆ ಮಾಡಿದ್ದು ಯಾವಾಗ, ಸಹಿ ಹಾಕಿದ್ದು ಯಾರು, ಎಲ್ಲ ನನಗೆ ಬಾಯಿಪಾಠ ಇತ್ತು. ಒಂದು ದಿನ ಸೇಫ್ಟಿ ಕಮಿಟಿಗೆ ನನ್ನ ಹೆಸರು ಸೇರಿಸಿದರು.