ಫೋನ್ ಕಳೆದುಹೋಗಿದೆ, ಗಿಟ್‌ಹಬ್ ಖಾತೆ ಅಳಿಸಬೇಕಿದೆ

ಫೋನ್ ಕಳೆದ ಕೂಡಲೇ ನಾವೆಲ್ಲ ಮಾಡುವ ಮೊದಲ ಕೆಲಸ ಡುಪ್ಲಿಕೇಟ್ ಸಿಮ್ ತಗೊಳ್ಳೋದು. ಬ್ಯಾಂಕಿನ ಒಟಿಪಿ, ಆಧಾರ್ ಒಟಿಪಿ ಎಲ್ಲ ನಂಬರಿಗೇ ಬರುವುದರಿಂದ, ನಂಬರ್ ವಾಪಸ್ ಸಿಕ್ಕರೆ ಎಲ್ಲವೂ ಸಿಕ್ಕ ಹಾಗೆ ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅಥೆಂಟಿಕೇಟರ್ ಆ್ಯಪ್ ವಿಷಯದಲ್ಲಿ ಈ ನಂಬಿಕೆ ಕೈಕೊಡುತ್ತೆ. ಆ ಆ್ಯಪ್ ತೋರಿಸುವ ಆರಂಕಿ ಕೋಡ್ ಯಾವ ಟವರಿನಿಂದಲೂ ಬರುವುದಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ ದಿನ ಒಂದು ಗುಪ್ತ ಕೀ ಫೋನಿನೊಳಗೆ ಸೇರಿರುತ್ತೆ. ಆ ಕೀಗೆ ಗಡಿಯಾರದ ಸಮಯ ಸೇರಿಸಿ ಲೆಕ್ಕ ಹಾಕಿ, 30 ಸೆಕೆಂಡಿಗೊಂದು ಕೋಡನ್ನು ಫೋನೇ ತಯಾರಿಸುತ್ತೆ. ಕೀ ಹೋಯಿತೆಂದರೆ ಹೊಸ ಸಿಮ್‌ನಿಂದ ಏನೂ ಹುಟ್ಟುವುದಿಲ್ಲ.

ಇದನ್ನು ಪ್ರೋಗ್ರಾಂ ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನ ಖಾತೆಯ ಉದಾಹರಣೆಯಲ್ಲೇ ಹೇಳ್ತೀನಿ. ಇಂಜಿನಿಯರಿಂಗ್ ಓದಿದ ಹುಡುಗ ಹುಡುಗಿಯರಲ್ಲಿ ಬಹಳ ಜನಕ್ಕೆ ಅಲ್ಲೊಂದು ಖಾತೆ ಇರುತ್ತೆ. ಅಲ್ಲಿ ಪ್ರೋಗ್ರಾಂ ಕೋಡ್ ಹಾಕುವವರಿಗೆಲ್ಲ ಎರಡು ಹಂತದ ದೃಢೀಕರಣ ಕಡ್ಡಾಯ ಮಾಡುವುದನ್ನು ಗಿಟ್‌ಹಬ್ 2023ರ ಮಾರ್ಚ್‌ನಿಂದ ಹಂತಹಂತವಾಗಿ ಜಾರಿಗೆ ತಂದರು. ಕಾಲೇಜಿನಲ್ಲಿದ್ದಾಗ ಖಾತೆ ತೆರೆದ ಒಬ್ಬಳನ್ನು ಊಹಿಸಿಕೊಳ್ಳಿ. ಈಗ ಕೆಲಸದಲ್ಲಿದ್ದಾಳೆ. ಆ ಹಳೇ ಪ್ರಾಜೆಕ್ಟುಗಳು ತನ್ನ ಹೆಸರಿನಲ್ಲಿ ಇರುವುದೇ ಬೇಡ, ಖಾತೆ ಅಳಿಸಿಬಿಡೋಣ ಅಂತ ಹೊರಡುತ್ತಾಳೆ. ಪಾಸ್‌ವರ್ಡ್ ನೆನಪಿದೆ, ಇಮೇಲ್ ಇದೆ. ಆದರೆ ಪಾಸ್‌ವರ್ಡ್ ಆದ ಮೇಲೆ ಕೋಡ್ ಕೇಳುತ್ತೆ, ಕೋಡ್ ಕೊಡುವ ಫೋನು ಕಳೆದುಹೋಗಿ ಎಷ್ಟೋ ಕಾಲವಾಗಿದೆ. ಅಳಿಸುವ ಬಟನ್ ಇರುವುದು ಸೆಟ್ಟಿಂಗ್ಸ್ ಒಳಗೆ, ಲಾಗಿನ್ ಆಗದೆ ಅಲ್ಲಿಗೆ ಹೋಗುವ ಹಾಗಿಲ್ಲ.

ಇಂಥ ಹೊತ್ತಲ್ಲಿ ಬಹಳ ಜನ ಕೇಳೋ ಪ್ರಶ್ನೆ: "ನಾನೇನು ಒಳಗೆ ಬಿಡಿ ಅಂತ ಕೇಳ್ತಿದೀನಾ? ಅಳಿಸಿ ಅಂತ ತಾನೇ ಕೇಳ್ತಿರೋದು, ಅದಕ್ಕೂ ಕೋಡ್ ಯಾಕೆ?" ನನ್ನ ಮಟ್ಟಿಗೆ ಕಂಪನಿಯ ಹಟವೇ ಸರಿ. ಕದ್ದ ಪಾಸ್‌ವರ್ಡಿನಿಂದ ಒಳನುಗ್ಗಿದವನನ್ನು ಆಮೇಲಾದರೂ ಹೊರಹಾಕಬಹುದು, ಅಳಿಸಿಹೋದ ಖಾತೆಯನ್ನು ಎಲ್ಲಿಂದ ತರೋದು? ನಷ್ಟ ಬರೀ ಮಾಲೀಕರದ್ದೂ ಅಲ್ಲ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಅನ್ನೋ 11 ಸಾಲಿನ ಪುಟ್ಟ ಪ್ಯಾಕೇಜನ್ನು ಅದರ ಲೇಖಕರೇ ಎನ್‌ಪಿಎಂ ಅನ್ನೋ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರದಿಂದ ತೆಗೆದರು. ಅದನ್ನು ನೆಚ್ಚಿಕೊಂಡಿದ್ದ ಸಾವಿರಾರು ಪ್ರಾಜೆಕ್ಟುಗಳ ಬಿಲ್ಡ್ ಮುರಿದುಬಿತ್ತು. ಮಾಲೀಕರೇ ಅಳಿಸಿದಾಗ ಇಷ್ಟು ಅನಾಹುತ ಆಗಿರುವಾಗ, ಇಮೇಲ್ ಕದ್ದವನ ಮಾತು ಕೇಳಿ ಅಳಿಸಿದರೆ ಏನಾದೀತು ನೋಡಿ. ಹಾಗಾಗಿ ಎರಡನೇ ಹಂತವನ್ನೂ ರಿಕವರಿ ದಾರಿಗಳನ್ನೂ ಎರಡೂ ಕಳೆದುಕೊಂಡವರಿಗೆ ಸಪೋರ್ಟ್ ತಂಡ ಖಾತೆ ಬಿಡಿಸಿಕೊಡುವುದಿಲ್ಲ ಅಂತ ಗಿಟ್‌ಹಬ್ ಮೊದಲೇ ಬರೆದಿಟ್ಟಿದೆ. ಆಧಾರ್ ಕಾರ್ಡಿನ ಫೋಟೋ ಕಳಿಸಿ ಪ್ರಯೋಜನವಿಲ್ಲ; ಖಾತೆ ತೆರೆದ ದಿನ ಅವರು ಆಧಾರ್ ನೋಡಿರಲೇ ಇಲ್ಲವಲ್ಲ.

ಹಾಗಾದರೆ ಉಳಿದದ್ದೇನು? ಹೆಚ್ಚಿನ ಉತ್ತರಗಳು ಹಳೇ ಲ್ಯಾಪ್‌ಟಾಪಿನಲ್ಲೇ ಇರುತ್ತವೆ. ಅದಕ್ಕೂ ಮೊದಲು ಒಂದು ಸಣ್ಣ ಪರೀಕ್ಷೆ. ಗೂಗಲ್ ಅಥೆಂಟಿಕೇಟರ್ 2023ರ ಏಪ್ರಿಲ್‌ನಿಂದ ಕೀಗಳನ್ನು ಗೂಗಲ್ ಖಾತೆಗೆ ಸಿಂಕ್ ಮಾಡುವ ಸೌಲಭ್ಯ ಕೊಟ್ಟಿದೆ. ಹೊಸ ಫೋನಿಗೆ ಆ್ಯಪ್ ಹಾಕಿ, ಹಳೇ ಫೋನಿನಲ್ಲಿದ್ದ ಅದೇ ಜಿಮೇಲ್‌ನಿಂದ ಸೈನ್ ಇನ್ ಆಗಿ ನೋಡಿ. ಸಿಂಕ್ ಆಗಿದ್ದರೆ ಕೋಡ್ ಅಲ್ಲೇ ಕಾಣುತ್ತೆ, ಕತೆ ಮುಗಿಯಿತು.

ಅಲ್ಲಿ ಸಿಗಲಿಲ್ಲ ಅಂದರೆ ಲ್ಯಾಪ್‌ಟಾಪ್ ತೆಗೆಯಿರಿ. ದಯವಿಟ್ಟು ಬ್ರೌಸರಿನ ಕುಕೀ ಅಳಿಸಬೇಡಿ, ತಮ್ಮನಿಗೆ ಕೊಡೋಣ ಅಂತ ಫಾರ್ಮ್ಯಾಟ್ ಮಾಡಿಸಬೇಡಿ. ಯಾವುದಾದರೂ ಬ್ರೌಸರಿನಲ್ಲಿ ಆ ಖಾತೆ ಇನ್ನೂ ಲಾಗಿನ್ ಆಗಿಯೇ ಇದ್ದರೆ ನಿಮ್ಮಷ್ಟು ಅದೃಷ್ಟವಂತರಿಲ್ಲ. ಸೆಟ್ಟಿಂಗ್ಸ್‌ನ ಸೂಕ್ಷ್ಮ ಜಾಗಗಳಿಗೆ ಹೋದಾಗ ಇನ್ನೊಮ್ಮೆ ಖಚಿತಪಡಿಸಿ ಅನ್ನುತ್ತೆ, ಅಲ್ಲಿ ಪಾಸ್‌ವರ್ಡ್ ಕೊಟ್ಟರೂ ನಡೆಯುತ್ತೆ. ಮೊದಲು, ಫೋನ್ ಇಲ್ಲದಾಗ ಬಳಸುವ ರಿಕವರಿ ಕೋಡ್ ಇಳಿಸಿಕೊಳ್ಳಿ, ಅಳಿಸುವ ಮಾತು ಆಮೇಲೆ. ಲಾಗಿನ್ ಇಲ್ಲದಿದ್ದರೆ ಡೌನ್‌ಲೋಡ್ಸ್ ಫೋಲ್ಡರಿನಲ್ಲೂ ಗೂಗಲ್ ಡ್ರೈವಿನಲ್ಲೂ `github-recovery-codes.txt` ಅಂತ ಹುಡುಕಿ. ಎರಡು ಹಂತ ಆನ್ ಮಾಡಿದ ದಿನ ಮುಂದೆ ಹೋಗುವ ಅವಸರದಲ್ಲಿ ಇಳಿಸಿಕೊಂಡು ಮರೆತ ಫೈಲ್ ಇದು. ಅದರಲ್ಲಿರುವ ಒಂದೊಂದು ಕೋಡೂ ಒಂದೇ ಸಲಕ್ಕೆ.

ಅದೂ ಸಿಗದಿದ್ದರೆ ಅರ್ಜಿಯ ದಾರಿ. ಪಾಸ್‌ವರ್ಡ್ ಹಾಕಿದ ಮೇಲೆ ಕೋಡ್ ಕೇಳುವ ಪುಟದಲ್ಲೇ ರಿಕವರಿ ಶುರುಮಾಡುವ ಲಿಂಕ್ ಇರುತ್ತೆ. ಮೊದಲು ನಿಮ್ಮ ಇಮೇಲಿಗೆ ಒಂದು ಒಟಿಪಿ ಬರುತ್ತೆ. ಆದರೆ ಇಮೇಲ್ ಒಂದೇ ಸಾಲದು. ಜೊತೆಗೆ ಇನ್ನೊಂದು ಸಾಕ್ಷಿ ಬೇಕು. ಹಿಂದೆ ಲಾಗಿನ್ ಆಗಿದ್ದ ಅದೇ ಸಾಧನ, ಲ್ಯಾಪ್‌ಟಾಪಿನಿಂದ ಪ್ರೋಗ್ರಾಂ ಕೋಡ್ ಕಳಿಸಲು ಖಾತೆಗೆ ಸೇರಿಸಿದ್ದ ಎಸ್‌ಎಸ್‌ಎಚ್ ಕೀ, ಇಲ್ಲವೇ ಅದೇ ಕೆಲಸಕ್ಕೆ ಪಾಸ್‌ವರ್ಡಿನ ಬದಲು ಬಳಸುವ ಪರ್ಸನಲ್ ಆ್ಯಕ್ಸೆಸ್ ಟೋಕನ್, ಇವುಗಳಲ್ಲಿ ಯಾವುದಾದರೂ ಒಂದು. ಕುಕೀ ಅಳಿಸಬೇಡಿ ಅಂದದ್ದು ಇದಕ್ಕೇ, ಅದು ಹೋದರೆ ಆ ಲ್ಯಾಪ್‌ಟಾಪ್ ಗುರುತು ಸಿಗುವುದಿಲ್ಲ. ಎಸ್‌ಎಸ್‌ಎಚ್ ಕೀ ಇನ್ನೂ ಜೀವಂತ ಇದೆಯಾ ಅಂತ ತಿಳಿಯಲು ಟರ್ಮಿನಲ್‌ನಲ್ಲಿ ಇದನ್ನು ಕೊಡಿ:

```
ssh -T git@github.com
```

`Hi` ಅಂತ ಶುರುವಾಗಿ ನಿಮ್ಮ ಹಳೇ ಯೂಸರ್‌ನೇಮ್ ಬಂದರೆ ಕೀ ಬದುಕಿದೆ. `Permission denied (publickey)` ಅಂದರೆ ಗಿಟ್‌ಹಬ್ ಆ ಕೀಯನ್ನು ಒಪ್ಪುತ್ತಿಲ್ಲ. ಬಹಳ ಜನ ಎಡವುವುದು ಇಲ್ಲೇ: ಒಂದು ವರ್ಷ ಬಳಸದೆ ಬಿಟ್ಟ ಕೀಗಳನ್ನೂ ಟೋಕನ್‌ಗಳನ್ನೂ ಗಿಟ್‌ಹಬ್ ತಾನಾಗೇ ತೆಗೆದುಹಾಕುತ್ತೆ. ಫೈಲು ನಿಮ್ಮ `.ssh` ಫೋಲ್ಡರಿನಲ್ಲಿ ಸುರಕ್ಷಿತವಾಗಿದ್ದರೂ ಆ ಕಡೆ ಅದಕ್ಕೆ ಬೆಲೆಯಿಲ್ಲ. ಅಳಿಸಬೇಕು ಅನ್ನಿಸುವುದು ಸಾಮಾನ್ಯವಾಗಿ ಬಳಸದೇ ಬಿಟ್ಟ ಖಾತೆಗಳನ್ನೇ ಆದ್ದರಿಂದ, ಸಾಕ್ಷಿ ಹೆಚ್ಚು ಬೇಕಾದವರ ಹತ್ತಿರವೇ ಸಾಕ್ಷಿ ಇರುವುದಿಲ್ಲ. ಸಾಕ್ಷಿ ಒಪ್ಪಿತವಾದರೆ ಅರ್ಜಿಯನ್ನು ಪರಿಶೀಲಿಸಿ ಮೂರು ಕೆಲಸದ ದಿನಗಳೊಳಗೆ ಇಮೇಲ್ ಮಾಡುತ್ತಾರೆ. ಮಂಜೂರಾದರೆ ಖಾತೆಗೆ ಮರಳುವ ಲಿಂಕ್ ಅದರಲ್ಲೇ ಇರುತ್ತೆ.

ಈ ನಡುವೆ, "ರಿಕವರಿ ಎಕ್ಸ್‌ಪರ್ಟ್‌ಗೆ ಮೆಸೇಜ್ ಮಾಡಿ" ಅಂತ ಕಾಮೆಂಟಿನಲ್ಲಿ ಬರೋರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕಂಪನಿಯ ಸಪೋರ್ಟ್ ತಂಡವೇ ಮಾಡದ ಕೆಲಸವನ್ನು ಟೆಲಿಗ್ರಾಮಿನವನು ಮಾಡಲಾರ.

ನನ್ನ ತಕರಾರು ಇರುವುದು ಬೇರೆ ಕಡೆ. ಅಳಿಸಬೇಡಿ, ಸರಿ. ಆದರೆ ಪಾಸ್‌ವರ್ಡ್ ಮತ್ತು ಇಮೇಲ್ ಎರಡೂ ಕೈಯಲ್ಲಿರುವವರಿಗೆ ಪ್ರೊಫೈಲಿನ ಹೆಸರು, ಫೋಟೋ, ಊರಿನ ವಿವರವನ್ನಾದರೂ ಮರೆಮಾಡಲು ಬಿಡಬಹುದು. ಖಾತೆಯಲ್ಲಿರುವ ಪ್ರೋಗ್ರಾಂ ಕೋಡನ್ನು ಮುಟ್ಟುವುದೇ ಬೇಡ. ಎಲ್ಲ ಇಮೇಲ್‌ಗಳಿಗೂ ನೋಟಿಸ್ ಕಳಿಸಿ, ಒಂದೆರಡು ತಿಂಗಳು ಕಾದು, ಯಾರೂ ಆಕ್ಷೇಪಿಸದಿದ್ದರೆ ಮರೆಮಾಡಿ. ಮೋಸ ಅಂತ ಆಮೇಲೆ ಗೊತ್ತಾದರೂ ಮತ್ತೆ ತೋರಿಸಬಹುದಲ್ಲ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 12ನೇ ಸೆಕ್ಷನ್ ಮಾಹಿತಿ ಅಳಿಸಿ ಅಂತ ಕೇಳುವ ಹಕ್ಕಿನ ಮಾತಾಡುತ್ತೆ. ಜರ್ಮನಿ, ನೆದರ್ಲೆಂಡ್ಸ್‌ನಲ್ಲಿರುವ ನಮ್ಮವರಿಗೆ ಯುರೋಪಿನ ಮಾಹಿತಿ ರಕ್ಷಣಾ ಕಾನೂನಾದ ಜಿಡಿಪಿಆರ್‌ನ 17ನೇ ವಿಧಿ ಇದೆ. ಆದರೆ ಕೇಳುವವರು ಯಾರು ಅನ್ನೋದರಲ್ಲಿ ಅನುಮಾನ ಬಂದರೆ ಹೆಚ್ಚಿನ ಪುರಾವೆ ಕೇಳಬಹುದು ಅಂತ ಅದೇ ಜಿಡಿಪಿಆರ್‌ನ 12ನೇ ವಿಧಿ ಕಂಪನಿಗೂ ಅವಕಾಶ ಕೊಟ್ಟಿದೆ. ಅಂದರೆ ಕಾನೂನು ಹಿಡಿದು ಹೋದರೂ ಕಡೆಗೆ ಬಂದು ನಿಲ್ಲುವುದು ನೀವು ನೀವೇ ಅಂತ ತೋರಿಸುವ ಅದೇ ಜಾಗಕ್ಕೆ.

ಎಲ್ಲ ದಾರಿ ಮುಚ್ಚಿದ ಮೇಲೂ ಒಂದು ಉಳಿಯುತ್ತೆ. ಬೀಗ ಬಿದ್ದ ಖಾತೆಯಿಂದ ಇಮೇಲ್ ಬಿಡಿಸಿಕೊಳ್ಳಲು ಗಿಟ್‌ಹಬ್ ಬಿಡುತ್ತೆ. ಅದೇ ರಿಕವರಿ ಪುಟದಲ್ಲಿ ಆಯ್ಕೆ ಸಿಗುತ್ತೆ, ನಿಮ್ಮ ಮೇಲ್‌ಬಾಕ್ಸಿಗೆ ಬರುವ ಲಿಂಕ್ ಒತ್ತಿ ದೃಢಪಡಿಸಬೇಕು. ಆಮೇಲೆ ಆ ವಿಳಾಸವನ್ನು ಹೊಸ ಖಾತೆಗೆ ಸೇರಿಸಿದರೆ, ಅದೇ ಇಮೇಲಿನಿಂದ ಮಾಡಿದ ಹಳೇ ಕಮಿಟ್‌ಗಳು ಹೊಸ ಖಾತೆಯ ಹೆಸರಿನಲ್ಲಿ ಕಾಣುತ್ತವೆ. ಹಳೇ ಯೂಸರ್‌ನೇಮ್, ಹಳೇ ರೆಪೊಗಳು ಮಾತ್ರ ಇದ್ದಲ್ಲೇ ಇರುತ್ತವೆ. ಆದರೆ ಅವಸರ ಬೇಡ. ಮುಂದೆ ಎಂದಾದರೂ ಹಳೇ ಕೀ ಸಿಕ್ಕರೂ ಅರ್ಜಿಯ ಒಟಿಪಿ ಬರುವುದು ಆ ಇಮೇಲಿಗೇ, ಆದ್ದರಿಂದ ಇದು ಕಡೆಯ ಹೆಜ್ಜೆಯಾಗಿರಲಿ.

ಹಳೇ ರೆಪೊದಲ್ಲಿ ಡೇಟಾಬೇಸ್ ಪಾಸ್‌ವರ್ಡ್, ಎಪಿಐ ಕೀ ಏನಾದರೂ ಬಿಟ್ಟಿದ್ದೀರಿ ಅಂದರೆ ಮಾತ್ರ ಇದ್ಯಾವುದಕ್ಕೂ ಕಾಯಬೇಡಿ. ಮೊದಲು ಆ ಪಾಸ್‌ವರ್ಡನ್ನು ಮೂಲದಲ್ಲೇ ಬದಲಿಸಿ. ಆಮೇಲೆ ಖಾಸಗಿ ಮಾಹಿತಿ ತೆಗೆಸುವ ಗಿಟ್‌ಹಬ್‌ನ ಪ್ರತ್ಯೇಕ ನೀತಿಯ ಪ್ರಕಾರ, ಫೈಲ್ ಇರುವ ನೇರ ಲಿಂಕ್ ಕೊಟ್ಟು, ಅದರಿಂದ ಏನು ಅಪಾಯ ಅಂತ ವಿವರಿಸಿ ದೂರು ಸಲ್ಲಿಸಿ. ಅದನ್ನು ಹೊಸ ಖಾತೆಯಿಂದಲೂ ಮಾಡಬಹುದು.