ಎಡಗೈ ಒಂದರಲ್ಲೇ ಆಟ: ಕ್ಯಾಮೆರಾ ತಿರುಗಿಸೋದು ಹೇಗೆ

"ನಮ್ಮ ತಮ್ಮನಿಗೆ ಬಲಗೈ ಆಡೋದಿಲ್ಲ. ಪಿಎಸ್4 ಕಂಟ್ರೋಲರ್ ಇದೆ. ಎಡಗೈಯಲ್ಲೇ ಪಿಸಿ ಗೇಮ್ ಆಡಬಹುದಾ?"

ಖಂಡಿತ ಆಡಬಹುದು ಸರ್. ಡೊಂಬಿವ್ಲಿಯಲ್ಲಿ ನಮ್ಮ ಸೋದರಮಾವನಿಗೆ ಹೀಗೇ ಮಾಡಿಕೊಟ್ಟಿದ್ದೇನೆ. ಪಾರ್ಶ್ವವಾಯು ಆದಮೇಲೆ ಅವರ ಬಲಗೈಗೆ ಹಿಡಿತ ಇಲ್ಲ.

ಎಡಗೈಯಲ್ಲಿ ನಡೆಯೋಕೆ ಸ್ಟಿಕ್ ಸಿಗುತ್ತೆ. ಕಷ್ಟ ಇರೋದು ಕ್ಯಾಮೆರಾ, ಅಂದರೆ ಆಟದೊಳಗಿನ ನೋಟ ತಿರುಗಿಸೋಕೆ; ಅದು ಬಲಗೈ ಸ್ಟಿಕ್‌ನ ಕೆಲಸ. ಆ ಕೆಲಸವನ್ನು ಕಂಟ್ರೋಲರ್ ಒಳಗಿನ ಗೈರೋಗೆ, ಅಂದರೆ ಕಂಟ್ರೋಲರ್ ಓಲಾಡೋದನ್ನು ಗುರುತಿಸೋ ಸೆನ್ಸರ್‌ಗೆ ಕೊಡಿ. ಸ್ಟೀಮ್‌ನಲ್ಲಿ ಆ ಗೇಮ್‌ನ Properties, ಅದರಲ್ಲಿ Controller ತೆರೆದು Steam Input ಆನ್ ಮಾಡಿ. ಆಮೇಲೆ ಲೇಔಟ್‌ನಲ್ಲಿ ಗೈರೋವನ್ನು ಮೌಸ್‌ಗೆ ಹೊಂದಿಸಿ. ಈಗ ಕೈ ಓಲಿಸಿದ ಕಡೆ ನೋಟ ತಿರುಗುತ್ತೆ. L1 ಒತ್ತಿ ಹಿಡಿದಾಗ ಗೈರೋ ನಿಲ್ಲೋ ಹಾಗೆ ಇಡಿ. ಇಲ್ಲದಿದ್ದರೆ ಮಣಿಕಟ್ಟು ಪೂರ್ತಿ ತಿರುಗಿ, ಮತ್ತೆ ನೇರ ಮಾಡೋಕೆ ದಾರಿನೇ ಇರಲ್ಲ.

ಗುರಿ ಇಡೋ ಬಟನ್ನನ್ನು L2ಗೆ ಕೊಟ್ಟು Toggle ಮಾಡಿ. ಒಮ್ಮೆ ಒತ್ತಿ ಬಿಟ್ಟರೆ ಸಾಕು, ಬೆರಳು ಬಿಡುವಾಗುತ್ತೆ. ಬಲಗಡೆಯ ನಾಲ್ಕು ಬಟನ್‌ಗಳನ್ನು ಡಿ-ಪ್ಯಾಡ್‌ಗೆ ತನ್ನಿ. ಡಿ-ಪ್ಯಾಡ್‌ನ ಹಳೆಯ ಕೆಲಸಗಳನ್ನು ಅದೇ ಬಟನ್‌ನ Long Pressಗೆ ಹಾಕಿ.

ನಮಗೆ ಒಂದು ತೊಂದರೆ ಆಯ್ತು. ಪರದೆಯ ಮೇಲಿನ ಬಟನ್ ಚಿತ್ರಗಳು ಪದೇಪದೇ ಬದಲಾಗ್ತಿದ್ದವು, ನಡಿಗೆನೂ ತಡವರಿಸ್ತಿತ್ತು. ಕೆಲವು ಗೇಮ್‌ಗಳು ಮೌಸ್ ಮತ್ತು ಕಂಟ್ರೋಲರ್ ಎರಡನ್ನೂ ಒಟ್ಟಿಗೆ ಒಪ್ಪಲ್ಲ, ಅದಕ್ಕೇ ಹೀಗೆ. ಗೈರೋವನ್ನು ಮೌಸ್ ಬದಲು ಬಲ ಜಾಯ್‌ಸ್ಟಿಕ್ಕಿಗೆ ಹೊಂದಿಸಿದೆ, ಸರಿಹೋಯ್ತು. ಗುರಿ ಸ್ವಲ್ಪ ಒರಟಾಯ್ತು, ಆದರೆ ಮಾವ ಅಡ್ಜಸ್ಟ್ ಮಾಡಿಕೊಂಡರು.

ಮುಟ್ಟದೇ ಇದ್ದರೂ ನೋಟ ತಾನಾಗೇ ಸರಿದರೆ, ಕಂಟ್ರೋಲರನ್ನು ಮೇಜಿನ ಮೇಲೆ ಅಲ್ಲಾಡದ ಹಾಗೆ ಇಟ್ಟು ಗೈರೋ ಕ್ಯಾಲಿಬ್ರೇಟ್ ಮಾಡಿ. ತಮ್ಮ ಯಾವ ಗೇಮ್ ಆಡ್ತಾರೆ ಅಂತ ಹೇಳಿ ಸರ್, ಬಟನ್ ಹಂಚಿಕೆ ಬರೆದುಕೊಡ್ತೀನಿ.